ಉಳುಕಿದ ಕಾಲು ಮರಳಿ ಆಟದ ಬಯಲಿಗೆ

ಆಟದ ಬಯಲಿನಲ್ಲಿ ಒದಗುವ ಪೆಟ್ಟುಗಳಲ್ಲಿ ಕಾಲಿನ ಹರಡು ಉಳುಕುವುದು ಬಹು ಸಾಮಾನ್ಯವಾದುದು. ಖೋ ಖೋ ಆಟದಲ್ಲಿ ಓಡುತ್ತ ಓಡುತ್ತ ತಟಕ್ಕನೆ ಹೊರಳುವಾಗ, ಕಬಡ್ಡಿಯಲ್ಲಿ ಹಿಡಿತದಿಂದ ಕಿತ್ತುಕೊಳ್ಳುವಾಗ, ಚೆಂಡಿಗಾಗಿ ಹಾರಿ ಇನ್ನೊಬ್ಬರ ಪಾದದ ಮೇಲೆ ಇಳಿಯುವಾಗ ಪಾದವು ಒಳಕ್ಕೆ ಮಗುಚಿಕೊಳ್ಳುತ್ತದೆ. ಹರಡಿನ ಹೊರಬದಿಯಲ್ಲಿ ಊತವೂ ನೋವೂ ತೋರುತ್ತವೆ. ಕೆಲವು ದಿನಗಳಲ್ಲಿ ನೋವು ಅಡಗುತ್ತದೆ; ಆಟಗಾರನು ಬಯಲಿಗೆ ಇಳಿಯುತ್ತಾನೆ; ಮತ್ತೆ ಅದೇ ಕಾಲು ಉಳುಕುತ್ತದೆ. ಹೀಗೇಕೆ ಆಗುತ್ತದೆ, ಹೀಗಾಗದಂತೆ ಆಟಕ್ಕೆ ಮರಳುವ ಕ್ರಮವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹರಡಿನ ಹೊರಗಡೆ ನಮ್ಮ ಕೈಗೆ ತಗಲುವ ಎಲುಬಿನ ಗಂಟೊಂದಿದೆ. ಅದರಿಂದ ಪಾದದ ಎಲುಬುಗಳಿಗೆ ಗಟ್ಟಿಯಾದ ನಾರುಪಟ್ಟಿಗಳು ಹಬ್ಬಿವೆ. ಎಲುಬನ್ನು ಎಲುಬಿಗೆ ಬಿಗಿಯುವ ಇವುಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಪಾದವು ಒಳಕ್ಕೆ ಮಗುಚಿದಾಗ ಇವು ಮಿತಿಮೀರಿ ಜಗ್ಗಲ್ಪಡುತ್ತವೆ. ಅವುಗಳ ಎಳೆಗಳು ಕೆಲವು, ಒಮ್ಮೊಮ್ಮೆ ಎಲ್ಲವೂ, ಹರಿಯುತ್ತವೆ. ಇದೇ ಉಳುಕು.

ಈ ರಜ್ಜುಗಳು ಕೇವಲ ಕಟ್ಟುಗಳಲ್ಲ. ಪಾದವು ಎತ್ತ ಓರೆಯಾಗಿದೆ ಎಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ಮೆದುಳಿಗೆ ಮುಟ್ಟಿಸುವ ನರದ ತುದಿಗಳೂ ಅವುಗಳಲ್ಲಿವೆ. ಕಣ್ಣು ಮುಚ್ಚಿಕೊಂಡರೂ ನಮ್ಮ ಪಾದ ಹೇಗಿದೆಯೆಂದು ನಮಗೆ ತಿಳಿಯುವುದಕ್ಕೆ ಇವೂ ಒಂದು ಕಾರಣ. ಇಂಗ್ಲೆಂಡಿನ ವೈದ್ಯ ಫ್ರೀಮನ್ ಎಂಬವರು 1965ರಲ್ಲಿ ಈ ವಿಷಯದತ್ತ ಗಮನ ಸೆಳೆದರು. ಉಳುಕಿದ ಕಾಲು ಪದೇ ಪದೇ ಮಗುಚುವುದಕ್ಕೆ ಸುದ್ದಿ ಮುಟ್ಟಿಸುವ ಈ ವ್ಯವಸ್ಥೆ ಕೆಡುವುದು ಕಾರಣವೆಂದೂ, ಸಮತೋಲದ ಅಭ್ಯಾಸದಿಂದ ಇದನ್ನು ಸರಿಪಡಿಸಬಹುದೆಂದೂ ಅವರು ವಾದಿಸಿದರು. ಅನಂತರದ ಸಂಶೋಧನೆಯಿಂದ ಇತರ ಕಾರಣಗಳೂ ತಿಳಿದುಬಂದಿವೆ. ಆದರೆ ಸಮತೋಲದ ಅಭ್ಯಾಸದ ಉಪಯೋಗವು ಸ್ಥಿರವಾಗಿ ನಿಂತಿದೆ. ನೋವು ಮೊದಲು ಹೋಗುತ್ತದೆ. ಬಲವೂ ಸಮತೋಲವೂ ತಡವಾಗಿ ಮರಳುತ್ತವೆ. ಈ ನಡುವಣ ಅವಧಿಯೇ ಅಪಾಯದ ಕಾಲ.

ಅಭ್ಯಾಸಕ್ಕೆ ತೊಡಗುವ ಮುನ್ನ ಎಲುಬು ಮುರಿದಿಲ್ಲವೆಂಬುದು ಖಚಿತವಾಗಬೇಕು. ಪೆಟ್ಟು ಬಿದ್ದ ಮೇಲೆ ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ, ಅಥವಾ ಹರಡಿನ ಎರಡು ಗಂಟುಗಳ ಎಲುಬಿನ ಮೇಲಾಗಲಿ ಪಾದದ ನಡುವಣ ಎಲುಬುಗಳ ಮೇಲಾಗಲಿ ಒತ್ತಿದಾಗ ನೋವಾದರೆ, ವೈದ್ಯರಲ್ಲಿಗೆ ಹೋಗಿ ಕ್ಷಕಿರಣದ ಚಿತ್ರ ತೆಗೆಸತಕ್ಕದ್ದು. ಬೆಳೆಯುವ ವಯಸ್ಸಿನವರಲ್ಲಿ ಎಲುಬಿನ ತುದಿಯ ಭಾಗವು ಇನ್ನೂ ಮೃದುವಾಗಿರುವುದರಿಂದ ಈ ಎಚ್ಚರ ಹೆಚ್ಚು ಅವಶ್ಯ.

ಮೊದಲ ಎರಡು ಮೂರು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು, ಕ್ರೇಪ್ ಪಟ್ಟಿಯನ್ನು ಸುತ್ತಬೇಕು. ಬಟ್ಟೆಯಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ಶಮನವಾಗುತ್ತದೆ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ಬಿಸಿ ಕಾವು ಕೊಡುವುದೂ ಈ ದಿನಗಳಲ್ಲಿ ಸಲ್ಲದು. ಅವುಗಳಿಂದ ಊತ ಹೆಚ್ಚುವ ಸಂಭವವುಂಟು. ಆದರೆ ಕಾಲನ್ನು ಪೂರ್ತಿ ಮರಗಟ್ಟಿಸಿ ಇಡುವುದೂ ಒಳ್ಳೆಯದಲ್ಲ. ನೋವು ತಾಳುವಷ್ಟರಲ್ಲಿ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಹೆಬ್ಬೆರಳಿನ ತುದಿಯಿಂದ ಗಾಳಿಯಲ್ಲಿ ಅ ಆ ಇ ಈ ಎಂದು ವರ್ಣಮಾಲೆಯನ್ನು ಬರೆಯಬೇಕು. ಇದರಿಂದ ಕೀಲು ಎಲ್ಲ ದಿಕ್ಕುಗಳಲ್ಲಿಯೂ ಚಲಿಸುತ್ತದೆ.

ಮುಂದಿನದು ಬಲವರ್ಧನೆ. ಪಾದವನ್ನು ಹೊರಕ್ಕೆ ಎಳೆಯುವ ಸ್ನಾಯುಗಳೇ ಮಗುಚುವುದನ್ನು ತಡೆಯುವಂಥವು. ಆದುದರಿಂದ ಕುಳಿತುಕೊಂಡು, ಪಾದದ ಹೊರ ಅಂಚನ್ನು ಗೋಡೆಗೆ ಒತ್ತಿ ಐದು ಸೆಕೆಂಡು ಹಿಡಿದು ಬಿಡಬೇಕು. ಹೀಗೆ ಹತ್ತು ಸಲ. ಇದು ನೋವಿಲ್ಲದೆ ಆದಾಗ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಮೇಜಿನ ಕಾಲಿಗೆ ಕಟ್ಟಿ, ಅದರ ಕುಣಿಕೆಯಲ್ಲಿ ಪಾದವನ್ನಿಟ್ಟು, ಮಂಡಿಯನ್ನು ಅಲುಗಿಸದೆ ಪಾದವನ್ನಷ್ಟೇ ಹೊರಕ್ಕೆ ಎಳೆದು ಮೆಲ್ಲನೆ ಬಿಡಬೇಕು. ಜೊತೆಗೆ ಗೋಡೆಯನ್ನು ಹಿಡಿದು ಹಿಮ್ಮಡಿ ಎತ್ತುವ ಅಭ್ಯಾಸ: ಮೊದಲು ಎರಡೂ ಕಾಲುಗಳಿಂದ, ಬಳಿಕ ಒಂದೇ ಕಾಲಿನಿಂದ.

ಸಮತೋಲದ ಅಭ್ಯಾಸವನ್ನು ಗೋಡೆಯ ಪಕ್ಕದಲ್ಲಿಯೇ ಮಾಡಬೇಕು. ಮೊದಲು ಉಳುಕಿದ ಕಾಲೊಂದರ ಮೇಲೆ ಕಣ್ತೆರೆದು ಮೂವತ್ತು ಸೆಕೆಂಡು ನಿಲ್ಲುವುದು. ಅದು ಸಾಧಿಸಿದಾಗ ಕಣ್ಮುಚ್ಚಿ ನಿಲ್ಲುವುದು. ಆಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದು. ಕೊನೆಗೆ ಹಾಗೆ ನಿಂತು ಗೆಳೆಯನೊಬ್ಬನು ಎಸೆದ ಚೆಂಡನ್ನು ಹಿಡಿಯುವುದು. ಆಟದಲ್ಲಿ ನಮ್ಮ ಗಮನ ಪಾದದ ಮೇಲೆ ಇರುವುದಿಲ್ಲವಷ್ಟೆ. ಅದಕ್ಕೇ ಈ ಕೊನೆಯ ಹಂತ.

ಈ ಕ್ರಮವನ್ನು ಒಂದು ಉದಾಹರಣೆಯಿಂದ ನೋಡೋಣ. ಖೋ ಖೋ ಆಡುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಬಲಗಾಲು ಸಾಧಾರಣವಾಗಿ ಉಳುಕಿತೆಂದು ಎಣಿಸಿಕೊಳ್ಳಿ. ಹತ್ತನೆಯ ದಿನ ಅವಳು ಕುಂಟದೆ ನಡೆಯುತ್ತಾಳೆ, ನೋವೂ ಇಲ್ಲ. ಆಟಕ್ಕೆ ಇಳಿಯಬಹುದೇ? ಎರಡು ಕಾಲುಗಳನ್ನೂ ಹೋಲಿಸಿ ನೋಡಬೇಕು. ಎಡಗಾಲಿನಿಂದ ಇಪ್ಪತ್ತು ಸಲ ಹಿಮ್ಮಡಿ ಎತ್ತಬಲ್ಲ ಅವಳು ಬಲಗಾಲಿನಿಂದ ಹನ್ನೊಂದು ಸಲ ಮಾತ್ರ ಎತ್ತುತ್ತಾಳೆ. ಕಣ್ಮುಚ್ಚಿ ಎಡಗಾಲಿನ ಮೇಲೆ ಇಪ್ಪತ್ತು ಸೆಕೆಂಡು ನಿಂತರೆ, ಬಲಗಾಲಿನ ಮೇಲೆ ಏಳೇ ಸೆಕೆಂಡು. ಹಾಗಾದರೆ ಕಾಲು ಸಿದ್ಧವಾಗಿಲ್ಲ; ಅಭ್ಯಾಸ ಮುಂದುವರಿಯಬೇಕು. ಹದಿನಾರನೆಯ ದಿನ ಆ ಎಣಿಕೆಗಳು ಹದಿನೆಂಟಕ್ಕೆ ಬರುತ್ತವೆ. ಅರ್ಧ ಗಂಟೆ ಚುರುಕಾಗಿ ನಡೆದರೂ ತೊಂದರೆಯಿಲ್ಲ. ಆಗ ಅವಳು ನೇರವಾದ ದಾರಿಯಲ್ಲಿ ಮೆಲ್ಲನೆ ಓಡಬಹುದು.

ಓಟದಲ್ಲಿಯೂ ಮೆಟ್ಟಿಲುಗಳಿವೆ. ನೇರವಾದ ಮೆಲ್ಲೋಟ, ನೇರವಾದ ವೇಗದ ಓಟ, ಎಂಟರ ಅಂಕೆಯ ಆಕಾರದಲ್ಲಿ ದೊಡ್ಡ ತಿರುವುಗಳ ಓಟ, ಒಂಟಿಕಾಲಿನ ಕುಪ್ಪಳಿಕೆ, ತಟಕ್ಕನೆ ಹೊರಳುವ ಓಟ, ತಂಡದೊಡನೆ ಅಭ್ಯಾಸ, ಕಡೆಗೆ ಪಂದ್ಯ. ಒಂದೊಂದು ಮೆಟ್ಟಿಲಿನಲ್ಲಿ ಕಡಮೆಯೆಂದರೆ ಎರಡು ದಿನ ನಿಲ್ಲಬೇಕು. ಮುಂದೆ ಹೋಗಬಹುದೇ ಎಂಬುದನ್ನು ಮರುದಿನದ ಬೆಳಗು ಹೇಳುತ್ತದೆ. ಎದ್ದ ಕೂಡಲೇ ಎರಡು ಹರಡುಗಳನ್ನೂ ನೋಡಿ: ಊತ ಹೆಚ್ಚಿದ್ದರೆ, ಬಿಗಿತವಿದ್ದರೆ, ಮೊದಲ ಹೆಜ್ಜೆಗೆ ನೋವಾದರೆ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ನಮ್ಮ ಹುಡುಗಿಗೆ ಎಂಟರ ಆಕಾರದ ಓಟದ ಮರುದಿನ ಊತ ತೋರಿತೆನ್ನಿ. ಅವಳು ಮತ್ತೆ ಎರಡು ದಿನ ನೇರ ಓಟವನ್ನೇ ಮಾಡಿ, ಊತವಿಳಿದ ಮೇಲೆ ತಿರುವನ್ನು ಮತ್ತೆ ಹಿಡಿಯುತ್ತಾಳೆ. ಒಂದು ಕಾಲಿನಿಂದ ಮುಂದಕ್ಕೆ ಕುಪ್ಪಳಿಸಿದ ದೂರವು ಇನ್ನೊಂದರ ದೂರದ ಹತ್ತರಲ್ಲಿ ಒಂಬತ್ತು ಪಾಲಿಗಾದರೂ ಬಂದ ಮೇಲೆಯೇ ತಟಕ್ಕನೆ ಹೊರಳುವ ಓಟ. ಹೀಗೆ ಅವಳು ಪಂದ್ಯಕ್ಕೆ ಇಳಿಯುವಾಗ ಸುಮಾರು ಐದು ವಾರ ಕಳೆದಿರುತ್ತದೆ. ಉಳುಕು ಹಗುರವಾಗಿದ್ದರೆ ಕಾಲ ಕಡಮೆ. ತೀವ್ರವಾಗಿದ್ದರೆ ತಿಂಗಳುಗಳೂ ಹಿಡಿಯಬಹುದು.

ಪಂದ್ಯಕ್ಕೆ ಇಳಿದ ಮೇಲೂ ಸಮತೋಲದ ಅಭ್ಯಾಸವನ್ನು ಕೆಲವು ತಿಂಗಳು ಬಿಡಬಾರದು. ಬೆಳಗ್ಗೆ ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಂತರೂ ಸಾಕು. ಆಟದ ಹೊತ್ತಿನಲ್ಲಿ ಹರಡಿಗೆ ಆಧಾರದ ಪಟ್ಟಿ ಕಟ್ಟಿದರೆ ಮರು ಉಳುಕು ಕಡಮೆಯಾಗುತ್ತದೆ. ಆದರೆ ಅಭ್ಯಾಸಕ್ಕೆ ಅದು ಬದಲಿಯಲ್ಲ. ಇಷ್ಟು ಮಾಡಿಯೂ ಸಮನೆಲದ ಮೇಲೆ ಕಾಲು ಮತ್ತೆ ಮತ್ತೆ ಮಗುಚುತ್ತಿದ್ದರೆ, ಅಥವಾ ಆರು ವಾರ ಕಳೆದರೂ ನೋವು ತಗ್ಗದಿದ್ದರೆ, ಅಂಥ ಕಾಲನ್ನು ವೈದ್ಯರಿಗೆ ತೋರಿಸತಕ್ಕದ್ದು.