ಕೋಡಿಯ ಕೆಳಗಿನ ಮೊದಲ ಕೆರೆ

ಪುಟ್ಟಿ, ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. "ದೊಡ್ಡಮ್ಮ, ಕಂಕುಳಲ್ಲಿ ಇಪ್ಪತ್ತರಷ್ಟು ಗ್ರಂಥಿ ಇರುತ್ತಂತೆ. ಡಾಕ್ಟರು ಒಂದೆರಡು ಮಾತ್ರ ತೆಗೀತೀನಿ ಅಂತಾರೆ. ಹೇಗೂ ಮತ್ತು ಕೊಟ್ಟಿರ್ತಾರೆ, ಎಲ್ಲಾ ತೆಗೆದುಬಿಟ್ರೆ ನಿಶ್ಚಿಂತೆ ಅಲ್ವಾ?" ಫೋನಿನಲ್ಲಿ ಅವಸರದ ಉತ್ತರ ಕೊಡಲು ಮನಸ್ಸಾಗಲಿಲ್ಲ. ಮೂವತ್ತು ವರ್ಷ ಸರ್ಜನ್ ಆಗಿದ್ದವಳು ನಾನು. ಆ ಮೂವತ್ತರಲ್ಲಿ ಮೊದಲ ಹಲವು ವರ್ಷ ನೀನು ಕೇಳಿದ್ದನ್ನೇ ಮಾಡಿದ್ದೇನೆ, ಸ್ತನದ ಗಡ್ಡೆ ಅಂತ ಬಂದ ಪ್ರತಿಯೊಬ್ಬರ ಕಂಕುಳನ್ನೂ ಪೂರ್ತಿ ಬಿಡಿಸಿ ತೆಗೆದಿದ್ದೇನೆ. ಆಮೇಲೆ ಯಾಕೆ ನಿಲ್ಲಿಸಿದೆ ಅನ್ನುವುದನ್ನು ಬರೆಯುತ್ತೇನೆ. ನಿಧಾನವಾಗಿ ಓದು.

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುವುದನ್ನು ನೋಡಿದ್ದೀಯ. ಗಾಯ ಪಾದದಲ್ಲಿ, ಗಂಟು ಅಷ್ಟು ದೂರದಲ್ಲಿ. ನಡುವೆ ಒಂದು ದಾರಿ ಇರಲೇಬೇಕಲ್ಲ? ಆ ದಾರಿಯೇ ದುಗ್ಧನಾಳಗಳು. ಸಣ್ಣ ರಕ್ತನಾಳಗಳಿಂದ ನೀರಿನಂಶ ಸದಾ ಸ್ವಲ್ಪ ಸ್ವಲ್ಪ ಹೊರಗೆ ಜಿನುಗುತ್ತದೆ. ಹಾಗೆ ಜಿನುಗಿದ್ದರಲ್ಲಿ ಒಂದಷ್ಟನ್ನು ಈ ನಾಳಗಳು ಹೀರಿಕೊಂಡು, ಗ್ರಂಥಿಯಿಂದ ಗ್ರಂಥಿಗೆ ಸಾಗಿಸಿ, ಕೊನೆಗೆ ಕತ್ತಿನ ಬುಡದಲ್ಲಿರುವ ದೊಡ್ಡ ರಕ್ತನಾಳಕ್ಕೆ ಸೇರಿಸುತ್ತವೆ. ನಮ್ಮೂರಿನ ಕೆರೆಸಾಲು ನೆನಪಿದೆಯಲ್ಲ? ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಮತ್ತೂ ಕೆಳಗಿನದಕ್ಕೆ. ದುಗ್ಧರಸದ ನಡಿಗೆ ಹೆಚ್ಚುಕಡಿಮೆ ಹಾಗೆಯೇ. ಸ್ತನದಿಂದ ಹೊರಟ ರಸದ ಬಹುಪಾಲು ಕಂಕುಳಿನ ಗ್ರಂಥಿಗಳಿಗೆ ಬರುತ್ತದೆ.

ಕ್ಯಾನ್ಸರ್ ಜೀವಕೋಶಕ್ಕೆ ಈ ದಾರಿ ಸುಲಭ. ದುಗ್ಧನಾಳದ ತುದಿಯಲ್ಲಿ ಗೋಡೆ ಅಂದರೆ ಒಂದೇ ಒಂದು ಪದರ, ಅದರ ಅಂಚುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಹೊರಗಿನ ಒತ್ತಡ ಹೆಚ್ಚಾದರೆ ಒಳಕ್ಕೆ ತೆರೆದುಕೊಳ್ಳುತ್ತವೆ. ಗಡ್ಡೆಯಿಂದ ಬಿಡಿಸಿಕೊಂಡ ಕೋಶ ಅಲ್ಲಿ ನುಸುಳಿ, ಹರಿವಿನ ಜೊತೆ ಹೋಗಿ, ಮೊದಲು ಸಿಗುವ ಗ್ರಂಥಿಯ ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲೇ ಸಾಯಬಹುದು, ಅಲ್ಲೇ ಬೆಳೆಯಬಹುದು.

ಇನ್ನೊಂದು ದಾರಿ ರಕ್ತದ್ದು. ರಕ್ತನಾಳದ ಗೋಡೆ ಹೆಚ್ಚು ಬಿಗಿ, ಒಳಗೆ ರಭಸವೂ ಹೆಚ್ಚು, ಹಾಗಾಗಿ ಒಳಹೊಕ್ಕ ಕೋಶಗಳಲ್ಲಿ ಬದುಕುವವು ತೀರಾ ಕಡಿಮೆ. ಬದುಕಿದವು ಮಾತ್ರ ದೂರ ಹೋಗುತ್ತವೆ. ಸ್ತನದ ರಕ್ತ ಹೃದಯದ ಬಲಭಾಗಕ್ಕೆ ಹೋಗಿ ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವುದರಿಂದ ಅಲ್ಲೊಂದು ನೆಲೆ. ಪಕ್ಕೆಲುಬುಗಳ ನಡುವಿನ ರಕ್ತನಾಳಗಳಿಗೆ ಬೆನ್ನುಮೂಳೆಯ ಸುತ್ತಲಿನ ರಕ್ತನಾಳಗಳ ಜೊತೆ ಸಂಪರ್ಕವಿದೆ, ಆ ಬೆನ್ನಿನ ನಾಳಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ ರಕ್ತ ಹಿಂದಕ್ಕೂ ನುಗ್ಗುತ್ತದೆ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಯಲ್ಲಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ಆದರೆ ದಾರಿ ಇದ್ದ ಮಾತ್ರಕ್ಕೆ ಎಲ್ಲ ಕಡೆ ಬೇರೂರುವುದಿಲ್ಲ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಸರ್ಜನ್ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆ ಪರಿಶೀಲಿಸಿ, ಯಕೃತ್ತಿನಲ್ಲಿ ಕಾಯಿಲೆ ಬಹಳ, ಗುಲ್ಮದಲ್ಲಿ ತೀರಾ ಅಪರೂಪ ಅನ್ನುವುದನ್ನು ಗಮನಿಸಿದ. ಬೀಜ ಎಲ್ಲ ಕಡೆ ಬಿದ್ದರೂ ಒಪ್ಪುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬ ವಿವರಣೆ ಅವನದು.

ನಾನು ಓದಿದ ಕಾಲದಲ್ಲಿ ನಮ್ಮ ಕೈಯನ್ನು ನಡೆಸುತ್ತಿದ್ದದ್ದು ಬೇರೊಂದು ನಂಬಿಕೆ, ಅಮೆರಿಕದ ಹಾಲ್‌ಸ್ಟೆಡ್ ಅವರದ್ದು. ಕಾಯಿಲೆ ಸ್ತನದಿಂದ ಕಂಕುಳಿಗೆ, ಕಂಕುಳಿನಿಂದ ಆಚೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ, ಮೆಟ್ಟಿಲನ್ನೇ ಕಿತ್ತು ಹಾಕಿದರೆ ಮುಂದೆ ಹೋಗಲಾರದು ಅಂತ. ನಿನ್ನ ಪ್ರಶ್ನೆಯ ಒಳಗಿರುವ ತರ್ಕವೂ ಅದೇ. ಅದನ್ನು ಪರೀಕ್ಷೆಗೆ ಒಡ್ಡಿದವರು ಬರ್ನಾರ್ಡ್ ಫಿಶರ್. 1971ರಲ್ಲಿ ಶುರುವಾದ ಅವರ ಅಧ್ಯಯನದಲ್ಲಿ, ಕಂಕುಳಲ್ಲಿ ಕೈಗೆ ಗಂಟು ಸಿಗದ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸ್ತನದ ಜೊತೆ ಕಂಕುಳನ್ನೂ ಪೂರ್ತಿ ತೆಗೆದರು, ಇನ್ನೊಂದಕ್ಕೆ ಸ್ತನ ತೆಗೆದು ರೇಡಿಯೇಷನ್ ಕೊಟ್ಟರು, ಮೂರನೆಯದಕ್ಕೆ ಸ್ತನ ಮಾತ್ರ ತೆಗೆದು ಕಂಕುಳನ್ನು ಮುಟ್ಟದೆ ಬಿಟ್ಟರು. ಕಂಕುಳು ತೆಗೆದವರಲ್ಲಿ ನೂರಕ್ಕೆ ಸುಮಾರು 40 ಜನರ ಗ್ರಂಥಿಯಲ್ಲಿ ಕಾಯಿಲೆ ಇತ್ತು. ಹಾಗಾದರೆ ಮುಟ್ಟದೆ ಬಿಟ್ಟವರಲ್ಲೂ ಅಷ್ಟೇ ಜನಕ್ಕೆ ಇದ್ದಿರಬೇಕು. ಆದರೂ ಮುಂದೆ ಕಂಕುಳಲ್ಲಿ ಗಂಟು ಬಂದದ್ದು ನೂರಕ್ಕೆ 18ರಷ್ಟು ಜನರಿಗೆ ಮಾತ್ರ. 25 ವರ್ಷ ಕಾದು ನೋಡಿದರೂ ಬದುಕುಳಿದವರ ಲೆಕ್ಕದಲ್ಲಿ ಗುಂಪು ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಕಂಕುಳು ಬಿಡಿಸಿದ್ದಕ್ಕೆ ಬೆಲೆ ತೆತ್ತವರು ನನ್ನ ಕಣ್ಣೆದುರೇ ಇದ್ದರು. ಹೂ ಕಟ್ಟಿ ಮಾರುವ ಒಬ್ಬಾಕೆಯ ಕೈ ಬಾತುಕೊಂಡು, ಬಳೆ ಕತ್ತರಿಸಿ ತೆಗೆಯಬೇಕಾಯಿತು. ಕೆರೆಸಾಲನ್ನೇ ಒಡೆದು ಹಾಕಿದ ಮೇಲೆ ಕೈಯ ರಸ ಎಲ್ಲಿ ಹೋಗಬೇಕು? ಕಂಕುಳು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಒಂದೆರಡು ಗ್ರಂಥಿ ಮಾತ್ರ ತೆಗೆದರೆ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಬ್ಬರಿಗೆ.

ಹಾಗಾದರೆ ಗ್ರಂಥಿಯನ್ನು ಮುಟ್ಟುವುದೇ ಯಾಕೆ ಅಂತ ಕೇಳುತ್ತೀಯ. ಕಾಯಿಲೆ ಎಷ್ಟು ದೂರ ಬಂದಿದೆ ಅನ್ನುವ ಸುದ್ದಿಗಾಗಿ. ಗ್ರಂಥಿಯಲ್ಲಿ ಕೋಶ ಸಿಕ್ಕಿತು ಅಂದರೆ ಆ ಗಡ್ಡೆಗೆ ಹೊರಗೆ ಹೋಗಿ ನೆಲೆ ಊರುವ ಶಕ್ತಿ ಬಂದಿದೆ, ರಕ್ತದ ದಾರಿಯಲ್ಲೂ ಕೆಲವು ಹೋಗಿರುವ ಸಂಭವ ಹೆಚ್ಚು ಅಂತ ಅರ್ಥ. ಹಂತ ಬರೆಯುವುದು, ಕೀಮೋ ಬೇಕೇ, ರೇಡಿಯೇಷನ್ ಎಲ್ಲಿಯವರೆಗೆ ಅನ್ನುವುದನ್ನು ತೂಗುವುದು ಈ ಸುದ್ದಿಯ ಮೇಲೆ. ಸುದ್ದಿ ಕೇಳುವುದಕ್ಕೆ ಇಪ್ಪತ್ತು ಕೆರೆಯ ತೂಬನ್ನೂ ಎತ್ತಬೇಕಾಗಿಲ್ಲ, ಕೋಡಿಯ ಕೆಳಗಿನ ಮೊದಲ ಕೆರೆಯ ಹೂಳನ್ನು ನೋಡಿದರೆ ಸಾಕು. ಆ ಮೊದಲ ಗ್ರಂಥಿಯೇ ಸೆಂಟಿನೆಲ್ ನೋಡ್, ಕಾವಲು ಗ್ರಂಥಿ. ಅಮೆರಿಕದ ಡೊನಾಲ್ಡ್ ಮಾರ್ಟನ್ 1992ರಲ್ಲಿ ಚರ್ಮದ ಮೆಲನೋಮದಲ್ಲಿ ಅದನ್ನು ನೀಲಿ ಬಣ್ಣದಿಂದ ಹುಡುಕುವ ಕ್ರಮವನ್ನು ಪ್ರಕಟಿಸಿದರು, ಎರಡೇ ವರ್ಷಕ್ಕೆ ಅದು ಸ್ತನದ ಕ್ಯಾನ್ಸರಿಗೂ ಬಂತು.

ಹೇಗೆ ಹುಡುಕುತ್ತಾರೆ ಅನ್ನುವುದನ್ನು ನನ್ನ ಕೊನೆಯ ವರ್ಷಗಳ ಒಬ್ಬ ಟೀಚರ್ ಕಥೆಯಲ್ಲೇ ಹೇಳುತ್ತೇನೆ. 52 ವರ್ಷ, 1.8 ಸೆಂಟಿಮೀಟರ್ ಗಡ್ಡೆ, ಕಂಕುಳಲ್ಲಿ ಕೈಗೂ ಏನೂ ಸಿಗಲಿಲ್ಲ, ಸ್ಕ್ಯಾನಿಂಗಿನಲ್ಲೂ ಏನೂ ಕಾಣಲಿಲ್ಲ. ಈ ಎರಡು ಮಾತು ಮುಖ್ಯ. ಮೊದಲೇ ಗ್ರಂಥಿ ಊದಿ ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂದಿದ್ದರೆ ನಮಗೆ ಬೇಕಾದ ಸುದ್ದಿ ಆಗಲೇ ಸಿಕ್ಕಿರುತ್ತಿತ್ತು, ದಾರಿ ಬೇರೆಯಾಗುತ್ತಿತ್ತು. ಆಪರೇಷನ್ನಿನ ದಿನ ಬೆಳಿಗ್ಗೆ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಹತ್ತಿರ ಟೆಕ್ನೀಷಿಯಂ ಸೇರಿಸಿದ ಔಷಧಿಯ ಸಣ್ಣ ಇಂಜೆಕ್ಷನ್ ಕೊಟ್ಟರು. ಅದರ ವಿಕಿರಣ ಆರು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಮೈಯಲ್ಲಿ ಉಳಿದುಬಿಡುತ್ತದೆ ಅನ್ನುವ ಭಯ ಬೇಡ. ಮತ್ತು ಕೊಟ್ಟ ಮೇಲೆ ಅದೇ ಜಾಗಕ್ಕೆ ನೀಲಿ ಬಣ್ಣ ಚುಚ್ಚಿ ನಾನು ಐದು ನಿಮಿಷ ಮೃದುವಾಗಿ ತಿಕ್ಕಿದೆ. ಆಮೇಲೆ ಕಂಕುಳಲ್ಲಿ ಚಿಕ್ಕ ಗಾಯ ಮಾಡಿ, ಪೆನ್ನಿನಂಥ ಗಾಮಾ ಪ್ರೋಬ್ ಇಟ್ಟು ಸದ್ದು ಎಲ್ಲಿ ಜೋರಾಗುತ್ತದೆ ಅಂತ ಕೇಳುತ್ತಾ, ನೀಲಿ ಎಳೆಯನ್ನು ಹಿಂಬಾಲಿಸುತ್ತಾ ಹೋದೆ.

ಮೊದಲ ಗ್ರಂಥಿ ನೀಲಿಯಾಗಿತ್ತು, ಪ್ರೋಬ್ ಅದಕ್ಕೆ 1200 ತೋರಿಸಿತು. ಪಕ್ಕದ್ದು 300. ಮೂರನೆಯದು 40, ಬಣ್ಣವೂ ಇಲ್ಲ. ಅತಿ ಜೋರಿನದರ ಹತ್ತನೇ ಒಂದಕ್ಕಿಂತ ಹೆಚ್ಚು ಇರುವುದನ್ನೆಲ್ಲ ತೆಗೆಯಬೇಕು ಅನ್ನುವುದು ನಾವು ಪಾಲಿಸುವ ಲೆಕ್ಕ. ಅಂದರೆ ಇಲ್ಲಿ 120ರ ಮೇಲಿನವು. ಎರಡು ತೆಗೆದೆ, ಮೂರನೆಯದನ್ನು ಬಿಟ್ಟೆ. ಅಷ್ಟಕ್ಕೇ ಹೊಲಿಗೆ ಹಾಕುವುದಿಲ್ಲ, ಬೆರಳಿಟ್ಟು ತಡಕಿ ನೋಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಪರೀಕ್ಷೆ ಎಡವುವುದು ಇಲ್ಲೇ. ಒಂದು ಗ್ರಂಥಿ ಕ್ಯಾನ್ಸರಿನಿಂದ ಪೂರ್ತಿ ತುಂಬಿಹೋಗಿದ್ದರೆ ಅದರೊಳಕ್ಕೆ ರಸವೇ ಹರಿಯುವುದಿಲ್ಲ. ಬಣ್ಣವೂ ಔಷಧಿಯೂ ಅದನ್ನು ತಪ್ಪಿಸಿ ಪಕ್ಕದ ಒಳ್ಳೆಯ ಗ್ರಂಥಿಗೆ ಹೋಗುತ್ತವೆ. ಬಣ್ಣ ಇಲ್ಲದ, ಸದ್ದು ಇಲ್ಲದ, ಗಟ್ಟಿಯಾದ ಗ್ರಂಥಿ ಬೆರಳಿಗೆ ಸಿಕ್ಕರೆ ಅದನ್ನೂ ತೆಗೆಯಲೇಬೇಕು. 5,600ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಕಂಕುಳಲ್ಲಿ ನಿಜಕ್ಕೂ ಕಾಯಿಲೆ ಇದ್ದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಕಾವಲು ಗ್ರಂಥಿ ಚೆನ್ನಾಗಿದೆ ಎಂದೇ ಬಂದಿತ್ತು. ಹಾಗಿದ್ದರೂ ಆ ದಾರಿಯಲ್ಲಿ ಹೋದವರ ಆಯಸ್ಸು ಕಡಿಮೆಯಾಗಲಿಲ್ಲ.

ಟೀಚರ್‌ಗೆ ಒಂದು ಗ್ರಂಥಿಯಲ್ಲಿ 1.2 ಮಿಲಿಮೀಟರಿನ ಒಂದು ಚುಕ್ಕೆ ಸಿಕ್ಕಿತು. ರಿಪೋರ್ಟಿನಲ್ಲಿ pN1mi(sn) ಅಂತ ಬರೆದಿದ್ದರು. 0.2 ಮಿಲಿಮೀಟರಿಗಿಂತ ದೊಡ್ಡದು, 2 ಮಿಲಿಮೀಟರ್ ದಾಟಿಲ್ಲ, ಕಾವಲು ಗ್ರಂಥಿಯಿಂದ ತಿಳಿದದ್ದು ಅಂತ ಅರ್ಥ. ಮನೆಯವರು ನನ್ನ ಮುಂದೆ ಕೂತು, ಮತ್ತೆ ಆಪರೇಷನ್ ಮಾಡಿ ಪೂರ್ತಿ ತೆಗೆಯಿರಿ ಅಂತ ಕೈಮುಗಿದರು. ಇಷ್ಟು ಸಣ್ಣ ಚುಕ್ಕೆ ಇರುವವರಲ್ಲಿ ಉಳಿದ ಗ್ರಂಥಿ ತೆಗೆದರೂ ಬಿಟ್ಟರೂ ಹತ್ತು ವರ್ಷದ ಮೇಲೂ ಫಲ ಒಂದೇ ಅಂತ ತಿಳಿದಿರುವುದನ್ನು ಹೇಳಿ, ನಾನು ಮಾಡಲಿಲ್ಲ. ಸ್ತನಕ್ಕೆ ರೇಡಿಯೇಷನ್ ಕೊಡಿಸಿ, ಹಾರ್ಮೋನಿನ ಮಾತ್ರೆ ಶುರು ಮಾಡಿದೆವು.

ನಿನಗೆ ಗ್ರಂಥಿಯಲ್ಲಿ ಏನೂ ಇಲ್ಲ ಅಂತಲೇ ಬರಲಿ ಅನ್ನುವುದು ನನ್ನ ಹಾರೈಕೆ. ಬಂದಾಗಲೂ ಒಂದು ತಿಳಿದಿರು, ಕಾವಲು ಗ್ರಂಥಿಗೆ ಗೊತ್ತಿರುವುದು ದುಗ್ಧರಸದ ದಾರಿಯ ಸುದ್ದಿ ಮಾತ್ರ. ರಕ್ತದ ದಾರಿಯಲ್ಲಿ ಯಾರಾದರೂ ಹೋಗಿದ್ದಾರೆಯೇ ಅಂತ ಅದು ಹೇಳಲಾರದು. ಅದಕ್ಕೇ ಗ್ರಂಥಿ ಚೆನ್ನಾಗಿದ್ದರೂ ಡಾಕ್ಟರು ಗಡ್ಡೆಯ ಗ್ರೇಡ್ ನೋಡುತ್ತಾರೆ, ಹಾರ್ಮೋನಿನ ಪರೀಕ್ಷೆ, ಹರ್-ಟೂ ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಮಾತ್ರೆಯೋ ಕೀಮೋನೋ ಬರೆದುಕೊಟ್ಟರೆ, "ಗ್ರಂಥಿ ಕ್ಲೀನ್ ಇದೆಯಲ್ಲ, ಇದ್ಯಾಕೆ" ಅಂತ ಬಿಟ್ಟುಬಿಡಬೇಡ. ಆ ಔಷಧಿ ಹೊರಡುವುದು ಎರಡನೇ ದಾರಿಗೆ.

ಆಪರೇಷನ್ನಿಗೆ ಮುಂಚೆ ಡಾಕ್ಟರನ್ನು ಎರಡು ಕೇಳು: ಬಣ್ಣ, ಪ್ರೋಬ್ ಎರಡೂ ಬಳಸುತ್ತೀರಾ, ಬಣ್ಣ ಮಾತ್ರವಾ? ಎರಡೂ ಇದ್ದರೆ ಗ್ರಂಥಿ ತಪ್ಪಿಹೋಗುವುದು ಕಡಿಮೆ. ಕಾವಲು ಗ್ರಂಥಿ ಸಿಗದೇ ಹೋದರೆ ಏನು ಮಾಡುತ್ತೀರಿ? ಅದಕ್ಕೆ ಉತ್ತರ ಮೊದಲೇ ಗೊತ್ತಿದ್ದು ಸಹಿ ಹಾಕು. ನೀನು ಮನಸ್ಸಿನ ಬೇಸರಕ್ಕೆ ತೆಗೆದುಕೊಳ್ಳುವ ಮಾತ್ರೆಯ ವಿಷಯ ಮುಚ್ಚಿಡದೆ ಹೇಳಿಬಿಡು, ಮೆಥಿಲೀನ್ ಬ್ಲೂ ಅನ್ನುವ ಬಣ್ಣಕ್ಕೂ ಆ ಬಗೆಯ ಕೆಲವು ಮಾತ್ರೆಗಳಿಗೂ ಒಗ್ಗುವುದಿಲ್ಲ. ಮಾರನೇ ದಿನ ಮೂತ್ರ ಹಸಿರು ನೀಲಿಯಾಗಿ ಬಂದರೆ ಗಾಬರಿಯಾಗಬೇಡ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಚರ್ಮದ ಮೇಲಿನ ನೀಲಿ ಕಲೆ ಮಾತ್ರ ಕೆಲವು ತಿಂಗಳು ಇರಬಹುದು. ರಿಪೋರ್ಟ್ ಕೈಗೆ ಬಂದ ದಿನ ಯಾವ ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ಸಾಲು ಸಾಲಾಗಿ ಓದಿ ಹೇಳು, ನಾನು ಪೆನ್ನು ಹಿಡಿದು ಬರೆದುಕೊಳ್ಳುತ್ತೇನೆ.