ಚಕ್ಕೆಯ ಕೆಂಪು ಕೆಮ್ಮಣ್ಣೋ, ಇಂಗಳೀಕವೋ?

ಸುಣ್ಣದ ಗಾರೆಯ ಮೇಲೆ ಬರೆದ ಹಳೆಯ ಭಿತ್ತಿಚಿತ್ರದಿಂದ ಉದುರಿದ ಕೆಂಪು ಚಕ್ಕೆಯೊಂದು ನಿಮ್ಮ ಕೈಯಲ್ಲಿದೆ ಎನ್ನಿ. ಅದು ಕಬ್ಬಿಣದ ಆಕ್ಸೈಡ್ (ಹೆಮಟೈಟ್) ಇರುವ ಕೆಮ್ಮಣ್ಣೋ, ಪಾದರಸದ ಸಲ್ಫೈಡ್ ಆದ ಇಂಗಳೀಕವೋ? ಕಣ್ಣಿಗೆ ಎರಡೂ ಒಂದೇ. ರಾಮನ್ ಮತ್ತು ಇನ್‌ಫ್ರಾರೆಡ್ ಸ್ಪೆಕ್ಟ್ರಮ್‌ಗಳನ್ನು ಜೊತೆಗಿಟ್ಟು ಓದಿದರೆ ಉತ್ತರ ಸಿಗುತ್ತದೆ. ಇಲ್ಲಿನ ಅಂಕಿಗಳೆಲ್ಲ ತರಂಗಸಂಖ್ಯೆಗಳು, ಏಕಮಾನ cm⁻¹.

ಹೆಜ್ಜೆ 1: ಮೊದಲು ರಾಮನ್. ಇನ್‌ಫ್ರಾರೆಡ್‌ನ ಎಟಿಆರ್ ವಿಧಾನದಲ್ಲಿ ಚಕ್ಕೆಯನ್ನು ವಜ್ರದ ಹರಳಿಗೆ ಒತ್ತಬೇಕು, ಚಕ್ಕೆ ಪುಡಿಯಾಗುತ್ತದೆ. ಆದ್ದರಿಂದ ಮುಟ್ಟದೆ ನೋಡುವ ರಾಮನ್ ಮೊದಲು. ಸಿಲಿಕಾನ್ ತುಂಡಿನ 520.7ರ ಪೀಕ್ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿಕೊಂಡು, ಲೇಸರ್ ಶಕ್ತಿಯನ್ನು 1 ಮಿಲಿವ್ಯಾಟ್‌ಗಿಂತ ಕೆಳಗಿಟ್ಟು ಶುರುಮಾಡಿ. ಅಂಟು ಅಥವಾ ಮೆರುಗೆಣ್ಣೆಯ ಪ್ರತಿದೀಪ್ತಿಯಿಂದ ಪೀಕ್‌ಗಳು ಗುಡ್ಡದಂಥ ಉಬ್ಬಿನಲ್ಲಿ ಮುಳುಗಿದರೆ, 532 ನ್ಯಾನೊಮೀಟರ್ ಲೇಸರ್ ಬಿಟ್ಟು 785ಕ್ಕೆ ಹೋಗಿ.

ಹೆಜ್ಜೆ 2: ಒಂಟಿ ಪೀಕ್ ನಂಬಬೇಡಿ. ಹೆಮಟೈಟ್‌ಗೆ 292ರ ಸುಮಾರಿನಲ್ಲಿ, ಇಂಗಳೀಕಕ್ಕೆ 284ರ ಬಳಿ, ಗಾರೆಯ ಕ್ಯಾಲ್ಸೈಟ್‌ಗೂ 281ರಲ್ಲಿ ಪೀಕ್ ಇದೆ. ಜೊತೆಗಾರರನ್ನು ಹುಡುಕಿ: 225 ಮತ್ತು 411 ಇದ್ದರೆ ಹೆಮಟೈಟ್, 253 ಮತ್ತು 343 ಇದ್ದರೆ ಇಂಗಳೀಕ, 1086 ಇದ್ದರೆ ಕ್ಯಾಲ್ಸೈಟ್.

ಹೆಜ್ಜೆ 3: ಇನ್‌ಫ್ರಾರೆಡ್. ಇಲ್ಲಿ ಕ್ಯಾಲ್ಸೈಟ್ 1420ರ ಸುಮಾರಿನಲ್ಲಿ ಅಗಲವಾಗಿ, 874 ಮತ್ತು 712ರಲ್ಲಿ ಚೂಪಾಗಿ ಕಾಣುತ್ತದೆ. ರಾಮನ್‌ನಲ್ಲಿ ಎದ್ದು ಕಂಡ 1086 ಇಲ್ಲಿಲ್ಲ. ಆ ಕಂಪನದಲ್ಲಿ ಕಾರ್ಬೊನೇಟ್‌ನ ಮೂರು ಆಕ್ಸಿಜನ್‌ಗಳೂ ಸಮನಾಗಿ ಹಿಗ್ಗಿ ಕುಗ್ಗುವುದರಿಂದ ವಿದ್ಯುದಾವೇಶದ ಹಂಚಿಕೆ ಯಾವ ಕಡೆಗೂ ವಾಲುವುದಿಲ್ಲ. ವಾಲದಿದ್ದರೆ ಇನ್‌ಫ್ರಾರೆಡ್ ಹೀರಿಕೆಯೂ ಇಲ್ಲ. 3695 ಮತ್ತು 3620ರಲ್ಲಿ ಪುಟ್ಟ ಮೊನೆಗಳಿದ್ದರೆ ಅದು ಕೆಯೊಲಿನೈಟ್, ಅಂದರೆ ಜೇಡಿ. ಎಟಿಆರ್‌ನಲ್ಲಿ ಪೀಕ್‌ಗಳು ತುಸು ಕೆಳಕ್ಕೆ ಸರಿಯುತ್ತವೆ. ಎಟಿಆರ್‌ನಲ್ಲೇ ತೆಗೆದ ಮಾದರಿಗಳೊಂದಿಗೆ ಹೋಲಿಸಿ.

ಹೆಜ್ಜೆ 4: ಜೋಡಿಸಿ ಓದಿ. ರಾಮನ್ ಹೆಮಟೈಟ್ ಮತ್ತು ಕ್ಯಾಲ್ಸೈಟ್ ಎನ್ನುತ್ತದೆ, ಇನ್‌ಫ್ರಾರೆಡ್ ಕ್ಯಾಲ್ಸೈಟ್ ಮತ್ತು ಜೇಡಿ ಎನ್ನುತ್ತದೆ ಎನ್ನೋಣ. ಆಗ ಜೇಡಿ ಬೆರೆತ ಕೆಮ್ಮಣ್ಣನ್ನು ಸುಣ್ಣದ ಮೇಲೆ ಬಳಿದಿರುವ ಸಾಧ್ಯತೆಯೇ ಹೆಚ್ಚು. ಬದಲಿಗೆ ರಾಮನ್ ಇಂಗಳೀಕ ತೋರಿಸಿ, ಇನ್‌ಫ್ರಾರೆಡ್ ಬರೀ ಸುಣ್ಣ ತೋರಿಸಿದರೆ ಅದು ವಿರೋಧವಲ್ಲ. ಪಾದರಸ–ಗಂಧಕದ ಕಂಪನಗಳು 400ಕ್ಕಿಂತ ಕೆಳಗಿವೆ, ಸಾಮಾನ್ಯ ಉಪಕರಣ ಅಲ್ಲಿಗೆ ತಲುಪುವುದಿಲ್ಲ.

ಕೊನೆಯ ತಪಾಸಣೆ. ಹಳದಿ ಮಣ್ಣಿನ ಗೋಥೈಟ್ ಲೇಸರ್ ಬಿಸಿಗೆ ಹೆಮಟೈಟ್ ಆಗಿಬಿಡುತ್ತದೆ. 385ರ ಪೀಕ್ ಮಾಯವಾಗಿ 225, 292 ಏಳುತ್ತವೆ. ಅದಕ್ಕೇ ಅಳೆದ ಚುಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿ. ಬಣ್ಣ ಬದಲಾಗಿದ್ದರೆ ಆ ಸ್ಪೆಕ್ಟ್ರಮ್ ಬಿಟ್ಟು, ಶಕ್ತಿ ಇಳಿಸಿ, ಪಕ್ಕದ ತಾಜಾ ಜಾಗದಲ್ಲಿ ಮತ್ತೊಮ್ಮೆ ಅಳೆಯಿರಿ.