ಇದು ತಿರಸ್ಕಾರದ ಪತ್ರವಲ್ಲ

ಸ್ಯಾನ್ ಹೋಸೆಯ ಓದುಗರೇ, ಸಿಂಕಿನ ಪೈಪ್ ಒಡೆದು ನೀರಿನಿಂದಾದ ಹಾನಿಗೆ ನೀವು ಸಲ್ಲಿಸಿದ ಕ್ಲೇಮನ್ನು ವಿಮಾ ಕಂಪನಿ ಇನ್ನೂ ತಿರಸ್ಕರಿಸಿಲ್ಲ. ತನಿಖೆ ನಡೆಸುತ್ತೇವೆ, ಆದರೆ ಪಾಲಿಸಿ ಅನ್ವಯಿಸುವುದಿಲ್ಲವೆಂದು ಕಂಡುಬಂದರೆ ನಿರಾಕರಿಸುವ ಹಕ್ಕನ್ನು ಉಳಿಸಿಕೊಂಡಿದ್ದೇವೆ ಎಂದಷ್ಟೇ ಅವರು ಕಳುಹಿಸಿದ ಪತ್ರದ ಅರ್ಥ.

ಪತ್ರದಲ್ಲಿ ಯಾವ ಷರತ್ತನ್ನು ಉಲ್ಲೇಖಿಸಿದ್ದಾರೆ ಎಂಬುದೇ ಮುಖ್ಯ. ನಿಮ್ಮದರಲ್ಲಿ ಅದು ವಾರಗಟ್ಟಲೆ ನಡೆದ ಸೋರಿಕೆಗೆ ಪರಿಹಾರವಿಲ್ಲ ಎಂಬ ಷರತ್ತು. ಅಂದರೆ ಸಿಂಕಿನ ಕೆಳಗಿನ ಪೈಪ್ ಹಠಾತ್ತನೆ ಒಡೆಯಿತೋ, ತಿಂಗಳುಗಳಿಂದ ಜಿನುಗುತ್ತಿತ್ತೋ ಎಂಬುದೊಂದೇ ಪ್ರಶ್ನೆ. ಒಡೆದ ಪೈಪ್ ತುಂಡನ್ನು ದಯವಿಟ್ಟು ಎಸೆಯಬೇಡಿ. ಸೀಳು ಹೊಸದೋ, ತುಕ್ಕು ಹಿಡಿದ ಹಳೆಯದೋ ಎಂದು ಅದೇ ಹೇಳುತ್ತದೆ. ನೀರು ತಾಗಿದ್ದರಿಂದ ಕಿತ್ತ ಹಲಗೆಗಳ ಫೋಟೊ ತೆಗೆಯಿರಿ. ಕೊಳೆತು ಬೂಷ್ಟು ಹಿಡಿದಿದ್ದರೆ ಅದು ನಿಮ್ಮ ವಿರುದ್ಧ ಸಾಕ್ಷಿ, ಗಟ್ಟಿಯಾಗಿದ್ದರೆ ನಿಮ್ಮ ಪರ. ಹಿಂದಿನ ನೀರಿನ ಬಿಲ್‌ಗಳಲ್ಲಿ ಬಳಕೆ ಏರದಿದ್ದರೆ ಅವನ್ನೂ ಕಳುಹಿಸಿ, ಆದರೆ ಸಣ್ಣ ಜಿನುಗು ಬಿಲ್ಲಿನಲ್ಲಿ ಕಾಣದೆಯೂ ಇರಬಹುದು.

ಅಡ್ಜಸ್ಟರ್ ಫೋನಿನಲ್ಲಿ ಹೇಳಿಕೆ ದಾಖಲಿಸುವಾಗ “ಬಹುಶಃ ಬೇಸಿಗೆಯಿಂದಲೇ ಇರಬೇಕು” ಎಂದು ಊಹಿಸಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮೊದಲೇ ತೇವ ಕಂಡಿದ್ದರೆ ಮಾತ್ರ ಮುಚ್ಚಿಡಬೇಡಿ. ಅದರಿಂದ ಇಡೀ ಪಾಲಿಸಿಯೇ ಕೈತಪ್ಪಬಹುದು.

ಕ್ಯಾಲಿಫೋರ್ನಿಯಾದ ನಿಯಮದಂತೆ, ನಿಮ್ಮ ದಾಖಲೆ ತಲುಪಿದ 40 ದಿನಗಳಲ್ಲಿ ಕಂಪನಿ ನಿರ್ಧರಿಸಬೇಕು. ಇನ್ನೂ ಸಮಯ ಬೇಕಿದ್ದರೆ ಕಾರಣ ಬರೆದು ತಿಳಿಸಬೇಕು, ಆಮೇಲೆ ಪ್ರತಿ 30 ದಿನಕ್ಕೊಮ್ಮೆ ಹಾಗೆಯೇ ಬರೆಯಬೇಕು. ಆ ಪತ್ರಗಳು ಬಾರದಿದ್ದರೆ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಿ.